ವಠಾರದ ಕಕ್ಕಸು ಮತ್ತು ನಮ್ಮ ಮನೆಯವರ ವಾಕಿಂಗು

ಮದುವೆಯಾಗಿ ನಾನು ಬಂದು ಸೇರಿದ್ದು ಚಾಮರಾಜಪೇಟೆಯ ಒಂದು ವಠಾರಕ್ಕೆ. ಐದು ಮನೆ, ಒಂದೇ ಕಕ್ಕಸು. ಬೆಳಿಗ್ಗೆ ಯಾರಾದ ಮೇಲೆ ಯಾರು ಎಂಬ ಸರದಿ ಪಕ್ಕಾ ಇತ್ತು. ನಮ್ಮ ಮನೆಯವರಾದ ಮೇಲೆ ಪಕ್ಕದ ಮನೆಯ ಮೇಷ್ಟ್ರು. ರಿಟೈರಾದವರು, ಆದರೂ ಶಿಸ್ತು ರಿಟೈರಾಗಿರಲಿಲ್ಲ.

ನಮ್ಮ ಮನೆಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಕಕ್ಕಸಿನ ಒಳಗೆ ಹೋದರೆ ಈಚೆಗೆ ಬರುವ ಮಾತೇ ಇಲ್ಲ. ಮೇಷ್ಟ್ರು ಚೊಂಬು ಹಿಡಿದುಕೊಂಡು ಹಿತ್ತಲಲ್ಲಿ ಬಾವಿಕಟ್ಟೆಯಿಂದ ಗೋಡೆಗೆ, ಗೋಡೆಯಿಂದ ಬಾವಿಕಟ್ಟೆಗೆ ಓಡಾಡುವರು. ಮೊದಲು ಕೆಮ್ಮು, ಆಮೇಲೆ ಬಾಗಿಲು ತಟ್ಟುವುದು. ಹೊಸ ಸೊಸೆ ನಾನು, ನಾಚಿಕೆಯಿಂದ ಸತ್ತುಹೋಗುತ್ತಿದ್ದೆ. ಹೆಂಡತಿಯಾದ ತಪ್ಪಿಗೆ ಆ ತಟ್ಟುವಿಕೆಯೆಲ್ಲ ನನ್ನ ತಲೆಯ ಮೇಲೇ ಬಿದ್ದಂತಾಗುತ್ತಿತ್ತು.

ಒಂದು ದಿನ ವಠಾರದ ಯಜಮಾನರು ನಮ್ಮ ಬಾಗಿಲಿಗೇ ಬಂದರು. "ಈ ವಾರ ನೋಡ್ತೀನಿ. ಇಲ್ದಿದ್ರೆ ಎಲ್ಲರದ್ದೂ ಆದ್ಮೇಲೆ ನಿಮ್ಮ ಸರದಿ" ಎಂದರು. ಕೊನೆಯ ಸರದಿ ಎಂದರೆ ಕಚೇರಿಗೆ ದಿನವೂ ತಡ. ಇವರ ಹೆಡ್ ಕ್ಲರ್ಕ್ ತಡವಾಗಿ ಬಂದವರನ್ನು ಎಲ್ಲರೆದುರಿಗೆ ನಿಲ್ಲಿಸಿ ಮಾತಾಡಿಸುವ ಆಸಾಮಿ.

ಸಂಜೆಯೇ ಬೀದಿಕೊನೆಯ ಡಾಕ್ಟರ ಬಳಿ ಹೋದೆವು. ಹೇಳಿಕೊಳ್ಳಲು ಇವರಿಗೆ ಸಂಕೋಚ, ಹವಾಮಾನದಿಂದ ಶುರುಮಾಡಿದರು. ನಾನೇ ಬಾಯಿಬಿಟ್ಟು ಹೇಳಿದೆ.

"ದಿನದಲ್ಲಿ ಯಾವ ಹೊತ್ತಲ್ಲೂ ಬರೋದೇ ಇಲ್ವೇ?" ಎಂದು ಡಾಕ್ಟರು ಕೇಳಿದರು.

"ಬರುತ್ತೆ ಡಾಕ್ಟ್ರೆ. ಊಟ ಮಾಡಿ ಕಚೇರಿಗೆ ಬಿರಬಿರನೆ ನಡೀತೀನಲ್ಲ, ಕೋಟೆ ಹತ್ರ ಹೋದಾಗ ಬರುತ್ತೆ. ಆದ್ರೆ ಅಷ್ಟೊತ್ತಿಗೆ ಸ್ನಾನ, ಸಂಧ್ಯಾವಂದನೆ ಎಲ್ಲ ಆಗಿರುತ್ತೆ. ಆಗ ಹೋದ್ರೆ ಮತ್ತೆ ಸ್ನಾನ ಮಾಡ್ಬೇಕು. ತಡ್ಕೊಂಡ್ಬಿಡ್ತೀನಿ."

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಹೊಟ್ಟೆಗೆ ಏನಾದ್ರೂ ಬಿದ್ದು, ಮೈ ಅಲುಗಾಡಿದ್ರೆ ಕರುಳು ಎದ್ದು ಕೆಲಸಕ್ಕೆ ನಿಲ್ಲುತ್ತೆ. ಅದು ಕರೆದಾಗ ನೀವು ಹೋಗಲ್ಲ. ಹೀಗೇ ಮಾಡ್ತಾ ಇದ್ರೆ ಅದೂ ಕರೆಯೋದು ಬಿಡುತ್ತೆ, ಒಳಗಿರೋದು ಒಣಗಿ ಗಟ್ಟಿಯಾಗುತ್ತೆ. ಬೆಳಿಗ್ಗೆ ಎದ್ದು ಖಾಲಿ ಹೊಟ್ಟೇಲಿ, ಮೈ ಅಲುಗದೆ ಹೋಗಿ ಕೂತು ತಿಣುಕಿದ್ರೆ ಮೂಲವ್ಯಾಧಿ ಬರುತ್ತೆ ಅಷ್ಟೆ. ಎದ್ದ ಕೂಡ್ಲೆ ಬಿಸಿಯಾಗಿ ಏನಾದ್ರೂ ಕುಡೀರಿ, ಸ್ವಲ್ಪ ಚುರುಕಾಗಿ ನಡೀರಿ, ಆಮೇಲೆ ಹೋಗಿ. ಬರ್ಲಿಲ್ವೋ, ಎದ್ದು ಬಂದ್ಬಿಡಿ."

"ಬೆಳಿಗ್ಗೆ ವಾಕಿಂಗಿಗೆ ಟೈಮೆಲ್ಲಿ ಡಾಕ್ಟ್ರೆ?"

"ಲಾಲ್‌ಬಾಗಿಗೆ ಹೋಗಿ ಅಂದ್ನೇ? ಹಾಲು ನೀವೇ ತನ್ನಿ, ಸುತ್ತುಬಳಸಿನ ದಾರೀಲಿ. ರಾತ್ರಿ ಉಂಡು ತಕ್ಷಣ ಮಲಗ್ಬೇಡಿ, ಬೀದೀಲಿ ಓಡಾಡಿ. ಸೊಪ್ಪು ತಿನ್ನಿ, ನೀರು ಕುಡೀರಿ. ಹಾಗೂ ಸರಿಹೋಗದಿದ್ರೆ, ಇಲ್ಲಾ ರಕ್ತ ಕಂಡ್ರೆ, ಬನ್ನಿ."

ಮನೆಯಲ್ಲಿ ಅತ್ತೆ ಅಡ್ಡ ನಿಂತರು. ಸ್ನಾನವಿಲ್ಲದೆ ಕಾಫಿ ಕುಡಿಯುವುದು ನಮ್ಮ ಮನೆತನದಲ್ಲೇ ಇಲ್ಲ ಎಂದರು. "ಬರೀ ಬಿಸಿನೀರು ಅತ್ತೆ" ಎಂದೆ. ಕೊಂಚ ಯೋಚಿಸಿ, "ನೀರಿಗೇನು ದೋಷ" ಎಂದು ಒಪ್ಪಿದರು. ಮಗನ ಸರದಿ ಹೋಗುವುದು ಅವರಿಗೂ ಬೇಕಿರಲಿಲ್ಲ.

ಮಾರನೆಯ ಬೆಳಿಗ್ಗೆ ಇವರು ಬಿಸಿನೀರು ಕುಡಿದು, ಮಫ್ಲರ್ ಸುತ್ತಿಕೊಂಡು, ಹಾಲಿನ ಪಾತ್ರೆ ಹಿಡಿದು ಹೊರಟರು. ಮೊದಲೆರಡು ದಿನ ಬಂದದ್ದು ಹಾಲು ಮಾತ್ರ. ನನಗೆ ಅಳುವೇ ಬಂತು. ಆಮೇಲೊಂದು ದಿನ ಗೇಟಿನಲ್ಲೇ ಪಾತ್ರೆಯನ್ನು ನನ್ನ ಕೈಗೆ ತುರುಕಿ ಹಿತ್ತಲಿಗೆ ನುಗ್ಗಿದರು. ಹೋದಷ್ಟೇ ಬೇಗ ನಗುನಗುತ್ತಾ ಈಚೆ ಬಂದರು. ಮೇಷ್ಟ್ರು ಇನ್ನೂ ಚೊಂಬಿಗೆ ನೀರು ತುಂಬಿಸಿಕೊಳ್ಳುತ್ತಿದ್ದರು. ನಾನು ದೇವರಿಗೆ ಇನ್ನೊಂದು ದೀಪ ಹಚ್ಚಿದೆ.

ಸರದಿ ಉಳಿಯಿತು. ಆದರೆ ಮುಂದಿನ ವಾರ ಹಿತ್ತಲಿನಿಂದ ಮತ್ತೆ ಬಾಗಿಲು ತಟ್ಟುವ ಸದ್ದು. ತಿರುಗಿ ನೋಡಿದರೆ ನಮ್ಮ ಮನೆಯವರು ನನ್ನ ಪಕ್ಕದಲ್ಲೇ ಇದ್ದಾರೆ! ಇಬ್ಬರೂ ಹಿತ್ತಲಿಗೆ ಓಡಿದೆವು. ತಟ್ಟುತ್ತಿದ್ದವರು ಯಜಮಾನರು, ಒಳಗಿದ್ದವರು ಮೇಷ್ಟ್ರು.

ಬೆವರೊರೆಸಿಕೊಳ್ಳುತ್ತಾ ಈಚೆ ಬಂದ ಮೇಷ್ಟ್ರು ಸಿಟ್ಟನ್ನೆಲ್ಲ ಇವರ ಮೇಲೆ ತೀರಿಸಿಕೊಂಡರು. "ಎಲ್ಲಾ ನಿಮ್ಮಿಂದ್ಲೇ ಕಣ್ರೀ! ನಿಮಗೋಸ್ಕರ ಕಾಯ್ತಾ ಅಷ್ಟು ಓಡಾಡ್ತಿದ್ದೆ, ಒಳಗೆ ಹೋದ ತಕ್ಷಣ ಆಗೋದು. ಈಗ ಹಾಸಿಗೆಯಿಂದ ಎದ್ದು ಸೀದಾ ಹೋಗಿ ಕೂರ್ತೀನಿ. ಏನೂ ಇಲ್ಲ!"

ಇವರು ನಗಲಿಲ್ಲ. ಆ ಬಾಗಿಲ ಹಿಂದೆ ಕೂತವರ ಸಂಕಟ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? "ನಾಳೆಯಿಂದ ಹಾಲಿಗೆ ನೀವೂ ಬನ್ನಿ ಮೇಷ್ಟ್ರೆ" ಎಂದರು. ಅಂದು ಇವರ ಮೇಲೆ ನನಗೆ ತುಂಬ ಪ್ರೀತಿ ಬಂತು.

ಮಾರನೆಯ ದಿನ ಇಬ್ಬರೂ ಹರಟುತ್ತಾ ಜೊತೆಯಾಗಿ ಹೊರಟರು. ವಾಪಸು ಬರುವಾಗ ಹರಟೆಯಿರಲಿಲ್ಲ. ಬೀದಿಯ ತಿರುವಿನಿಂದಲೇ ಇಬ್ಬರೂ ಪಂಚೆ ಎತ್ತಿಕಟ್ಟಿ, ಹಾಲು ಚೆಲ್ಲುತ್ತಾ, ಒಬ್ಬರನ್ನೊಬ್ಬರು ಹಿಂದೆ ಹಾಕುತ್ತಾ ಓಡಿಬರುತ್ತಿದ್ದರು. ಹಿತ್ತಲಲ್ಲಿ ಆಗಷ್ಟೇ ಯಜಮಾನರು ಒಳಗೆ ಹೋಗಿ ಚಿಲಕ ಹಾಕಿಕೊಂಡಿದ್ದರು.