ಒಂದೇ ಮನೆಯ ಮಾತುಗಳು

ನನ್ನ ತಮ್ಮ ಬಡಗಿ. ಮಹಾ ಬಾಯಿಬಡುಕ. ಒಂದು ಬಾಗಿಲು ಕೂರಿಸುವಷ್ಟರಲ್ಲಿ ಆ ಮನೆಯವರ ಪುರಾಣವನ್ನೆಲ್ಲ ಕೇಳಿ ಮುಗಿಸುತ್ತಿದ್ದ. ಅಂಥವನಿಗೆ ಪಾರ್ಶ್ವವಾಯು ಹೊಡೆದು ಬಲಗೈ ಸ್ವಾಧೀನ ತಪ್ಪಿತು, ಮಾತೂ ಹೋಯಿತು. ಅವನಿಗೆ ಪ್ರಜ್ಞೆಯಿಲ್ಲದ ದಿನಗಳಲ್ಲೇ ಅವನ ಹೆಂಡತಿ ಎದೆನೋವೆಂದು ಕೂತವಳು ಮತ್ತೆ ಏಳಲಿಲ್ಲ. ಹೇಳಿದರೆ ಇವನೂ ಉಳಿಯುವುದಿಲ್ಲವೆಂದು ಮುಚ್ಚಿಟ್ಟೆವು. ಕೇಳಲು ಅವನಿಗೆ ಮಾತೆಲ್ಲಿತ್ತು? ಬಾಗಿಲ ಕಡೆ ನೋಡುತ್ತಿದ್ದ. ನಾನು ಔಷಧಿ ಚಮಚ ಹಿಡಿದು ಮುಖ ತಪ್ಪಿಸುತ್ತಿದ್ದೆ.

ಅವನ ಮಗಳು ಅ, ಆ ಎಂದು ಅಕ್ಷರಮಾಲೆಯ ಕ್ರಮದಲ್ಲಿ ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು. ಅಂಗಡಿ, ಅಕ್ಕಿ, ಆಕಾಶ, ಆಮೆ. 'ಹೆಂಡತಿ' ಬರೆಯಲಿಲ್ಲ. ಬೆಳಿಗ್ಗೆ ಹೇಳಿಕೊಟ್ಟದ್ದು ಸಂಜೆಗೆ ಮಾಯ. "ಆಮೆ ಕಟ್ಕೊಂಡು ಇವನಿಗೇನಾಗ್ಬೇಕೇ?" ಎಂದು ನಾನು ರೇಗುತ್ತಿದ್ದೆ.

ಮಾತು ಕಲಿಸಲು ಬರುತ್ತಿದ್ದ ಆಸ್ಪತ್ರೆಯ ಮೇಡಂ ಪಟ್ಟಿ ನೋಡಿ ತಲೆಯಾಡಿಸಿದರು. "ಆಕಾಶಕ್ಕೂ ಆಮೆಗೂ ಏನಮ್ಮಾ ಸಂಬಂಧ? ಒಂದು ನೆನಪಾದ್ರೆ ಇನ್ನೊಂದನ್ನ ಎಳ್ಕೊಂಡು ಬರಲ್ಲ. ಅರ್ಥದಲ್ಲಿ ಹತ್ತಿರ ಇರೋವನ್ನ ಜೊತೆಗಿಡಿ."

ಕಾಗದದ ಮೇಲೆ 'ಹತ್ಯಾರ' ಎಂದು ಬರೆದು, ಅದರ ಕೆಳಗೆ ಕತ್ತರಿಸುವವು, ಬಡಿಯುವವು ಎಂದು ಗುಂಪು ಮಾಡಿದರು. "ಹಲ್ಲಿರತ್ತೆ, ಮರ ಕೊಯ್ಯತ್ತೆ. ಏನದು?"

"ಉಳಿ," ಎಂದ ತಮ್ಮ. ನಾನು ಹಣೆ ಚಚ್ಚಿಕೊಂಡೆ.

"ಇಲ್ಲಮ್ಮ, ಸರಿಯಾದ ಮನೆಗೇ ಬಂದಿದಾರೆ. ಪಕ್ಕದ ಕೋಣೆಗೆ ನುಗ್ಗಿದಾರೆ ಅಷ್ಟೆ."

ಸ್ವಲ್ಪ ಹೊತ್ತಿಗೆ 'ಗರಗಸ' ಬಂದೇ ಬಂತು. ಉತ್ತರ ಸರಿಯಾದಾಗಲೆಲ್ಲ ಮೇಡಂ "ಸರಿ" ಎನ್ನುತ್ತಿದ್ದರು. ಸುಡುವ ಕಾಫಿಗೆ ಅವನು 'ತಣ್ಣಗೆ' ಎಂದರೂ ಮೇಡಂಗೆ ಖುಷಿ. ವಿರುದ್ಧ ಪದಗಳು ತಲೆಯೊಳಗೆ ಅಂಟಿಕೊಂಡೇ ಇರುತ್ತವಂತೆ, ಒಂದನ್ನು ಕೊಟ್ಟರೆ ಇನ್ನೊಂದು ಸಿಗುತ್ತದಂತೆ. ಸಿಗುತ್ತಲೂ ಇತ್ತು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಆಮೇಲೊಂದು ದಿನ ಮೇಡಂ 'ಮನೆಯವರು' ಎಂದು ಬರೆದರು. ಅವರಿಗೆ ನಾವು ಏನೂ ಹೇಳಿರಲಿಲ್ಲ. ನಾನು "ಅದು ಬೇಡ" ಎನ್ನುವಷ್ಟರಲ್ಲಿ ಅವನು ನನ್ನ ಕಡೆ ಬೆರಳು ಮಾಡಿ "ಅಕ್ಕ" ಎಂದ. ಪಕ್ಕದವಳಿಗೆ "ಮಗಳು" ಎಂದ. ಗೋಡೆಯ ಪಟ್ಟಿಯಲ್ಲಿ ಬಿಟ್ಟ ಪದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಇಲ್ಲಿ ಖಾಲಿ ಜಾಗವೇ ಎದ್ದು ಕಾಣುತ್ತಿತ್ತು. ಅವನು ತನ್ನೆದೆ ಮುಟ್ಟಿಕೊಂಡು "ಗಂಡ" ಎಂದ. ತಡವರಿಸಿದ. "ಹೆಂ... ಹೆಂಡ್ತಿ. ಎಲ್ಲಿ?"

ಮಗಳು ಎದ್ದು ಹೊರಗೆ ಹೋದಳು.

"ತೀರ್ಕೊಂಡ್ಲು ಕಣೋ," ಎಂದೆ. ತಿಳಿಯದೆ ಬಾಗಿಲ ಕಡೆ ನೋಡಿದ. "ನಮ್ಮನ್ನ ಅಗಲಿದ್ಲು." ಅದೂ ತಾಗಲಿಲ್ಲ. "ಕಣ್ಮುಚ್ಚಿದ್ಲು," ಎಂದಾಗ, ಮಲಗಿದ್ದಾಳಾ ಎಂಬಂತೆ ಎಡ ಅಂಗೈ ಕೆನ್ನೆಗಿಟ್ಟು ತೋರಿಸಿದ. ಅಯ್ಯೋ, ಒಂದೇ ಅರ್ಥದ ಇಷ್ಟು ಮಾತಿದ್ದೂ ಒಂದೂ ಅವನನ್ನು ಮುಟ್ಟಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಲು ನನಗೆ ನಾಲಿಗೆ ಏಳಲಿಲ್ಲ.

"ಅವಳು ಬದುಕಿಲ್ಲ ಕಣೋ."

ಅವನು ನನ್ನ ಬಾಯನ್ನೇ ನೋಡಿದ. ಬದುಕು ಎಂಬುದರ ಎದುರು ಪದ ತಾನಾಗಿ ಬಂತು.

"ಸತ್ಲು," ಎಂದ, ಒಂದಿಷ್ಟೂ ತೊದಲದೆ.

"ಸರಿ," ಎಂದುಬಿಟ್ಟರು ಮೇಡಂ, ಅಭ್ಯಾಸಬಲದಿಂದ. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದರು.