ಎಂಟೂವರೆ ಮೀಟರ್

ಸಿಂಧನೂರಿನ ಒಂದು ಹೈಸ್ಕೂಲಿನಲ್ಲಿ ನಾನು ದೈಹಿಕ ಶಿಕ್ಷಕಿ. ಮನೆ ಮಸ್ಕಿಯಲ್ಲಿ. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಪ್ರಾರ್ಥನೆಗೆ ಮುಂಚೆ ಮೈದಾನ ಸೇರುತ್ತೇನೆ. ಹದಿನೇಳು ವರ್ಷದ ಈ ಕೆಲಸದಲ್ಲಿ ಗೆದ್ದ ಮಕ್ಕಳ ಫೋಟೊಗಳು ಸ್ಟಾಫ್ ರೂಮಿನ ಗೋಡೆ ತುಂಬ ಇವೆ. ನಾನು ಹೇಳಹೊರಟಿರುವ ಹುಡುಗಿಯ ಫೋಟೊ ಅಲ್ಲಿಲ್ಲ.

ಅವಳು ಜವಳಗೇರಾದಿಂದ ಬರುತ್ತಿದ್ದಳು. ತಾಯಿ ಭತ್ತದ ನಾಟಿ ಹಚ್ಚುವ ಗುಂಪಿನ ಮುಂದಾಳು, ತಂದೆ ಟ್ರ್ಯಾಕ್ಟರ್ ಚಾಲಕ. ಎಂಟನೇ ತರಗತಿಯಲ್ಲಿದ್ದಾಗ, ಮೈದಾನದ ಅಂಚಿಗೆ ಒಣಹಾಕಿದ್ದ ಬೆಂಚುಗಳ ಸಾಲನ್ನು ಸುತ್ತಿ ಹೋಗುವ ಬದಲು ಒಂದೊಂದಾಗಿ ಹಾರಿ ದಾಟಿದಳು. ಹಾರಿದಳು ಎನ್ನುವುದು ತಪ್ಪು. ಓಡುತ್ತ ಓಡುತ್ತ ಕಾಲೆತ್ತಿ ಮೇಲಿಂದ ಹಾದುಹೋದಳು. ತಲೆ ಮೇಲೆ ಕೆಳಗೆ ಆಗಲೇ ಇಲ್ಲ. ಹರ್ಡಲ್ಸ್ ಓಟಗಾರರನ್ನು ನಾವು ಗುರುತಿಸುವುದೇ ಹಾಗೆ.

ನೂರು ಮೀಟರ್ ಹರ್ಡಲ್ಸ್‌ನಲ್ಲಿ ಹುಡುಗಿಯರಿಗೆ ಹತ್ತು ಹರ್ಡಲ್. ಗೆರೆಯಿಂದ ಮೊದಲನೆಯದಕ್ಕೆ ಹದಿಮೂರು ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ ಎಂಟೂವರೆ, ಕೊನೆಯದರಿಂದ ಮುಗಿಯುವ ಗೆರೆಗೆ ಹತ್ತೂವರೆ. ಈ ಅಂತರ ಯಾರಿಗೂ ಬದಲಾಗುವುದಿಲ್ಲ. ಎತ್ತರದವಳಿಗೂ ಅಷ್ಟೇ, ಗಿಡ್ಡಿಗೂ ಅಷ್ಟೇ. ಒಂದು ಹರ್ಡಲ್ ದಾಟಿ ಸುಮಾರು ಒಂದು ಮೀಟರ್ ಆಚೆ ಕಾಲೂರಬೇಕು, ಮುಂದಿನದಕ್ಕೆ ಎರಡು ಮೀಟರ್ ಇರುವಾಗಲೇ ನೆಲ ಬಿಡಬೇಕು. ನಡುವೆ ಉಳಿಯುವುದು ಐದೂವರೆ ಮೀಟರ್. ಅದರೊಳಗೆ ಮೂರೇ ಹೆಜ್ಜೆ. ಮೂರಾದರೆ ಪ್ರತಿ ಸಲ ಅದೇ ಕಾಲು ಮುಂದೆ ಬರುತ್ತದೆ. ನಾಲ್ಕಾದರೆ ಕಾಲು ಬದಲಾಗುತ್ತದೆ, ಐದಾದರೆ ಓಟ ಕುಂಟುತ್ತದೆ. ಹೆಜ್ಜೆ ಉದ್ದ ಮಾಡಿ ವೇಗ ಹೆಚ್ಚಿಸುತ್ತೇನೆ ಎಂದರೆ ಜಾಗವಿಲ್ಲ. ಆ ಮೂರು ಹೆಜ್ಜೆಯನ್ನು ಎಷ್ಟು ಬೇಗ ಇಡುತ್ತಾಳೆ ಎನ್ನುವುದರ ಮೇಲೆಯೇ ಎಲ್ಲ.

ಅದಕ್ಕೇ ನಾನು ಅವಳ ಒಟ್ಟು ಸಮಯ ನೋಡುತ್ತಿರಲಿಲ್ಲ. ಒಂದು ಹರ್ಡಲ್ ಆಚೆ ಕಾಲು ಊರಿದ ಕ್ಷಣದಿಂದ ಮುಂದಿನದರ ಆಚೆ ಕಾಲು ಊರುವವರೆಗೆ ಸ್ಟಾಪ್‌ವಾಚ್ ಹಿಡಿಯುತ್ತಿದ್ದೆ. ಎಂಟೂವರೆಯನ್ನು ಆ ಸಮಯದಿಂದ ಭಾಗಿಸಿದರೆ ನಡುವಿನ ಸರಾಸರಿ ವೇಗ. ಒಂಬತ್ತನೇ ತರಗತಿಯ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಒಂದು ಪಾಯಿಂಟ್ ಎರಡು ಸೆಕೆಂಡಿಗೆ ಬಂದಿದ್ದಳು. ಸೆಕೆಂಡಿಗೆ ಏಳು ಮೀಟರ್‌ಗಿಂತ ತುಸು ಹೆಚ್ಚು. ನಾನು ನೋಟ್‌ಬುಕ್ಕಿನಲ್ಲಿ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದೆ. ನಮ್ಮ ಮೈದಾನದಲ್ಲಿ ಐದೇ ಹರ್ಡಲ್ ಇಡಲು ಜಾಗವಿತ್ತು. ಮಿಕ್ಕ ಐದು ಹೀಗೇ ಹೋಗುತ್ತವೆ ಎಂದುಕೊಂಡೆ.

"ಮೇಡಂರಿ, ಓಡುವಾಗ ನಂಗ ಒಳಗ ಒಂದ್ ಸಪ್ಪಳ ಕೇಳಸ್ತೈತ್ರಿ," ಎಂದಳು ಒಂದು ದಿನ. "ಟಕ್ ಟಕ್ ಟಕ್, ಹಾಂ. ಟಕ್ ಟಕ್ ಟಕ್, ಹಾಂ. ಹರ್ಡಲ್ ನೋಡೂದ ಬೇಕಾಗಿಲ್ರಿ."

"ಅದನ್ನ ಬಿಡಬ್ಯಾಡ. ಅದ ನಿನ್ನ ಕೈ ಹಿಡಿತೈತಿ," ಎಂದೆ ನಾನು.

ಜಿಲ್ಲಾ ಮಟ್ಟದ ಕ್ರೀಡಾಕೂಟ ಆ ವರ್ಷ ಲಿಂಗಸುಗೂರಿನಲ್ಲಿತ್ತು. ಫೈನಲ್‌ಗೆ ನೇರವಾಗಿ ಆರು ಹುಡುಗಿಯರು. ನಾನು ಮೂರನೇ ಹರ್ಡಲ್ ನೇರಕ್ಕೆ, ಸುಣ್ಣದ ಗೆರೆಯ ಆಚೆ ನಿಂತಿದ್ದೆ. ನಮ್ಮ ಶಾಲೆಯ ಗಣಿತದ ಮಾಸ್ತರರು ಮೊಬೈಲ್‌ನಲ್ಲಿ ವಿಡಿಯೊ ತೆಗೆಯುತ್ತಿದ್ದರು.

ಮೊದಲ ಹರ್ಡಲ್‌ಗೆ ಎಂಟು ಹೆಜ್ಜೆ. ಅವಳು ಎಲ್ಲರಿಗಿಂತ ಮುಂದೆ ಇದ್ದಳು, ಆದರೆ ಸ್ವಲ್ಪ ದೂರದಿಂದ ಕಾಲೆತ್ತಿದಳು. ಹುರುಪು ಎಂದುಕೊಂಡೆ. ಎರಡನೆಯದಕ್ಕೆ ಮೂರು ಹೆಜ್ಜೆ ಎಳೆದೆಳೆದು ಇಟ್ಟಳು. ಮೂರನೆಯದರಲ್ಲಿ ಹಿಂದಿನ ಕಾಲಿನ ಮೊಣಕಾಲು ಹರ್ಡಲಿನ ಮೇಲಿನ ಪಟ್ಟಿಗೆ ಬಡಿಯಿತು. ನನ್ನ ಮುಂದೆ ಹಾದುಹೋದಾಗ ಅವಳ ಮುಖ ಕಂಡಿತು. ಪರಿಚಯದ ಮನೆಯ ಬಾಗಿಲು ಎಲ್ಲಿದೆ ಎಂದು ತಿಳಿಯದವರ ಮುಖ. ನಾಲ್ಕನೆಯದಕ್ಕೆ ಬಹಳ ಹಿಂದಿನಿಂದಲೇ ನೆಲ ಬಿಟ್ಟಳು. ಮುಂದಿನ ಪಾದ ಪಟ್ಟಿಯ ಮೇಲೆ ಇಳಿಯಿತು. ಹರ್ಡಲ್ ಮಗುಚಿತು, ಅವಳು ಎಡಗೈ ಊರಿ ಬಿದ್ದಳು. ಮುರಿದದ್ದು ಮಣಿಕಟ್ಟು.

ಕೈಗೆ ಪಟ್ಟಿ ಕಟ್ಟಿಸಿ, ತಂದೆಗೆ ಫೋನ್ ಮಾಡಿಸಿ ನಾನು ಮೈದಾನಕ್ಕೆ ಮರಳಿ ಬಂದೆ. ಅಂತರ ತಪ್ಪಾಗಿದೆ ಎಂದು ಅಲ್ಲಿನ ತೀರ್ಪುಗಾರರ ಹತ್ತಿರ ಜಗಳ ತೆಗೆದೆ. ದೊಡ್ಡ ದನಿಯಲ್ಲೇ ತೆಗೆದೆ. ನಿವೃತ್ತಿಯ ಅಂಚಿನಲ್ಲಿದ್ದ ಆ ತೀರ್ಪುಗಾರರು ಸಿಟ್ಟಾಗಲಿಲ್ಲ. ಸ್ಟೀಲ್ ಟೇಪ್ ತಂದು ಒಂದು ತುದಿ ನನ್ನ ಕೈಗೇ ಕೊಟ್ಟರು.

"ನೀವ ಹಿಡೀರಿ, ನೀವ ನೋಡ್ರಿ," ಎಂದರು.

ಒಂಬತ್ತು ಅಂತರಗಳನ್ನೂ ಅಳೆದೆವು. ಎಂಟೂವರೆ, ಎಂಟೂವರೆ, ಎಂಟೂವರೆ.

ಮರುದಿನ ಬೆಳಿಗ್ಗೆ ಸಿಂಧನೂರಿಗೆ ಹೋಗಿ ನಮ್ಮ ಮೈದಾನದಲ್ಲಿ ಹರ್ಡಲ್ ಇಡುವ ಜಾಗಕ್ಕೆ ಗುರುತಾಗಿ ಹೊಡೆದಿದ್ದ ಗೂಟಗಳ ನಡುವೆ ನಮ್ಮ ಟೇಪ್ ಹಾಸಿದೆ. ಅದೂ ಎಂಟೂವರೆ ಎಂದೇ ಹೇಳಿತು. ಒಂದು ಕ್ಷಣ ಎದೆ ಹಗುರವಾಯಿತು. ಆಮೇಲೆ ನನ್ನ ಹೆಬ್ಬೆರಳಿನ ಕೆಳಗಿದ್ದ ಟೇಪಿನ ತುದಿಯ ಕಡೆ ನೋಡಿದೆ. ಅಲ್ಲಿ ಸೊನ್ನೆ ಇರಲಿಲ್ಲ. ಐವತ್ತು ಇತ್ತು.

ಎರಡು ವರ್ಷದ ಹಿಂದೆ ಆ ಬಟ್ಟೆ ಟೇಪಿನ ಮೊದಲ ಅರ್ಧ ಮೀಟರ್ ಗೇಟಿಗೆ ಸಿಕ್ಕು ಹರಿದಿತ್ತು. ಉದ್ದ ಜಿಗಿತ ಅಳೆಯುವಾಗಲೆಲ್ಲ ಅರ್ಧ ಮೀಟರ್ ಕಳೆಯುತ್ತಿದ್ದೆ, ಅದು ರೂಢಿಯೇ ಆಗಿತ್ತು. ಹರ್ಡಲ್‌ಗೆ ಗೂಟ ಹೊಡೆದ ಸಂಜೆ ಮಾತ್ರ ಮರೆತಿದ್ದೆ. ಒಮ್ಮೆ ಹೊಡೆದ ಗೂಟವನ್ನು ಮತ್ತೆ ಯಾರು ಅಳೆಯುತ್ತಾರೆ? ಪೂರ್ತಿ ನೂರು ಮೀಟರ್ ಇದ್ದಿದ್ದರೆ ಕೊನೆಗೆ ಐದು ಮೀಟರ್ ಹೆಚ್ಚು ಉಳಿದು ಗೊತ್ತಾಗುತ್ತಿತ್ತು. ಐದು ಹರ್ಡಲ್‌ನಲ್ಲಿ ಗೊತ್ತಾಗಲಿಲ್ಲ. ಅವಳು ಒಂದು ವರ್ಷ ಓಡಿದ್ದು ಎಂಟು ಮೀಟರ್ ಅಂತರದಲ್ಲಿ.

ಮಧ್ಯಾಹ್ನ ಗಣಿತದ ಮಾಸ್ತರರು ವಿಡಿಯೊವನ್ನು ನಿಧಾನ ಮಾಡಿ ಲೆಕ್ಕ ಹಾಕಿದ್ದನ್ನು ತೋರಿಸಿದರು.

"ಒಂದರಿಂದ ಎರಡನೇ ಹರ್ಡಲ್‌ಗೆ ಒಂದು ಪಾಯಿಂಟ್ ಎರಡು ಎಂಟು ಸೆಕೆಂಡು. ನಾ ಹಿಂದ ಬಿದ್ಲು ಅಂತ ತಿಳಿದಿದ್ದೆ. ಆದ್ರ ಎಂಟೂವರೆನ ಅದರಿಂದ ಭಾಗಸ್ರಿ. ಆರು ಪಾಯಿಂಟ್ ಆರು. ಇಲ್ಲಿ ಎಂಟು ಮೀಟರ್, ಒಂದು ಪಾಯಿಂಟ್ ಎರಡು ಸೆಕೆಂಡು. ಅದೂ ಆರು ಪಾಯಿಂಟ್ ಆರರ ಮ್ಯಾಲೇ ಬರ್ತೈತಿ." ಮೊಬೈಲ್ ಕೆಳಗಿಟ್ಟು ಹೇಳಿದರು. "ಹುಡುಗಿ ತಪ್ಪು ಮಾಡಿಲ್ರಿ. ಇಲ್ಲಿ ಓಡಿದ ವೇಗದಾಗ ಅಲ್ಲೂ ಓಡ್ಯಾಳ. ನೆಲಾನ ಉದ್ದ ಇತ್ತು."

ಎರಡರಿಂದ ಮೂರಕ್ಕೆ ಅವಳು ತೆಗೆದುಕೊಂಡದ್ದು ಒಂದು ಪಾಯಿಂಟ್ ಮೂರು ಆರು ಸೆಕೆಂಡು. ಹೆಜ್ಜೆ ಎಳೆದಾಗ ಪಾದ ಮೈಗಿಂತ ಮುಂದೆ ಬಿದ್ದು ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗಿ ವೇಗ ಇಳಿದಿತ್ತು. ವೇಗ ಇಳಿದಷ್ಟೂ ಮುಂದಿನ ಹರ್ಡಲ್ ದೂರವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಎರಡು ಗೆರೆ ಎಳೆದಿದ್ದ ಆ ಏಳು ಸುಳ್ಳಾಗಿತ್ತು.

ಆ ಭಾನುವಾರ ಜವಳಗೇರಾಕ್ಕೆ ಹೋದೆ. ಹುಡುಗಿ ಕಟ್ಟೆಯ ಮೇಲೆ ಮುರಿದ ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯ ಜೋಳಿಗೆಯಲ್ಲಿ ಇಟ್ಟುಕೊಂಡು ಕುಳಿತಿದ್ದಳು. ತಾಯಿ ಚಹಾ ಮಾಡಿ ತಂದಳು. ಲೋಟ ಮುಟ್ಟುವ ಮೊದಲೇ ಎಲ್ಲ ಹೇಳಿಬಿಟ್ಟೆ.

ತಾಯಿ ಕಟ್ಟೆಯ ಅಂಚಿಗೆ ಕುಳಿತಳು. "ಅಕ್ಕಾರ, ನಾನೂ ನಾಟಿ ಹಚ್ಚೂದು ಹಗ್ಗ ಹಿಡದ. ಹಗ್ಗದ ಗಂಟ ಸರದ್ರ ಹೊಲಾನ ಸೊಟ್ಟ ಆಗ್ತೈತಿ," ಎಂದಳು. "ಆದ್ರ ಭತ್ತಕ್ಕ ಕೈ ಮುರಿಯಂಗಿಲ್ಲ."

ಹುಡುಗಿ ನನ್ನನ್ನೇ ನೋಡುತ್ತಿದ್ದಳು. "ಟೇಪ ಹರದಿದ್ದು ನಿಮಗ ಮೊದ್ಲ ಗೊತ್ತಿತ್ತೇನ್ರಿ?"

"ಗೊತ್ತಿತ್ತವ್ವ. ಅವತ್ತ ಮರತೆ."

ಅವಳು ಮುಖ ಆ ಕಡೆ ತಿರುಗಿಸಿದಳು. ನಾನು ತಣ್ಣಗಾದ ಚಹಾ ಕುಡಿದು ಎದ್ದೆ. ಕ್ಷಮೆ ಕೇಳುವ ಧೈರ್ಯ ಬರಲಿಲ್ಲ.

ಮೂರು ತಿಂಗಳು ಅವಳು ಮೈದಾನದ ಕಡೆ ಬರಲಿಲ್ಲ. ಪಿ.ಟಿ. ಪೀರಿಯಡ್‌ನಲ್ಲೂ ತರಗತಿಯಲ್ಲೇ ಕುಳಿತಿರುತ್ತಿದ್ದಳು. ನಾನು ಕರೆಯಲಿಲ್ಲ. ಯುಗಾದಿ ಹತ್ತಿರ ಬಂದಾಗ, ಒಂದು ಬೆಳಿಗ್ಗೆ ಗೂಟಗಳ ಹತ್ತಿರ ನಿಂತಿದ್ದಳು.

"ಈಗೆಷ್ಟೈತ್ರಿ?"

"ಎಂಟೂವರೆ. ಸ್ಟೀಲ್ ಟೇಪ್‌ಲೆ ಅಳದೀನಿ."

"ನಾನೂ ಅಳೀತೀನ್ರಿ," ಎಂದಳು. ಅಳೆದಳು, ಐದೂ. ಅಂದಿನಿಂದ ಪ್ರತಿದಿನ ಅವಳೇ ಅಳೆಯುತ್ತಿದ್ದಳು, ನಾನು ಇನ್ನೊಂದು ತುದಿ ಹಿಡಿಯುತ್ತಿದ್ದೆ.

ಎಂಟೂವರೆಯಲ್ಲಿ ಅವಳಿಗೆ ಮೂರು ಹೆಜ್ಜೆ ಸಾಲುತ್ತಿರಲಿಲ್ಲ. ಮೂರನೇ ಹರ್ಡಲ್‌ಗೆ ಬರುವಷ್ಟರಲ್ಲಿ ಲಯ ಒಡೆಯುತ್ತಿತ್ತು. ಹೀಗಾಗಿ ಮತ್ತೆ ಎಂಟಕ್ಕೆ ಇಳಿದೆವು, ಈ ಸಲ ತಿಳಿದು. ಹರ್ಡಲ್ ಹತ್ತಿರ ಇಟ್ಟು ಕಾಲಿಗೆ ಬೇಗದ ಲಯ ಕಲಿಸುವುದು ಎಲ್ಲ ಕಡೆ ಇರುವ ಪದ್ಧತಿಯೇ. ನಾನು ಅದನ್ನೇ ಅರಿಯದೆ ಮಾಡಿ ಕೈ ಮುರಿಸಿದ್ದೆ. ಸಮಯ ಒಂದು ಪಾಯಿಂಟ್ ಎರಡಕ್ಕೆ ಕಟ್ಟಿಹಾಕಿದೆವು, ಅಂತರವನ್ನು ಹತ್ತು ಹತ್ತು ಸೆಂಟಿಮೀಟರ್ ಬೆಳೆಸಿದೆವು. ಎಂಟೂ ಹತ್ತರಲ್ಲಿ ಆ ಸಮಯ ಬಂದ ಮೇಲೆಯೇ ಎಂಟೂ ಇಪ್ಪತ್ತು. ಎಂಟರಿಂದ ಎಂಟೂವರೆಗೆ ಅದೇ ಸಮಯದಲ್ಲಿ ಹೋಗಬೇಕೆಂದರೆ ವೇಗ ಆರು ಪಾಯಿಂಟ್ ಆರರಿಂದ ಏಳು ದಾಟಬೇಕು. ಕೇಳಲು ಸಣ್ಣದು. ಅದಕ್ಕೆ ಏಳು ತಿಂಗಳು ಹಿಡಿಯಿತು. ಒಂದು ಪೂರ್ತಿ ತಿಂಗಳು ಎಂಟೂ ನಲವತ್ತರಲ್ಲೇ ನಿಂತಳು. ಆಗ ನಾನು, ಸಾಕು, ನಾಲ್ಕು ಹೆಜ್ಜೆ ಹಾಕಿ ಕಾಲು ಬದಲಿಸುವುದನ್ನು ಕಲಿ ಎಂದೆ.

"ಇಲ್ರಿ. ಸಪ್ಪಳ ಬದ್ಲಾಗ್ತೈತಿ," ಎಂದಳು. ಅಷ್ಟೇ.

ಹತ್ತನೇ ತರಗತಿಯ ಜಿಲ್ಲಾ ಕೂಟ ಸಿಂಧನೂರಿನಲ್ಲೇ, ತಾಲ್ಲೂಕು ಕ್ರೀಡಾಂಗಣದಲ್ಲಿ ಆಯಿತು. ಓಟಕ್ಕೆ ಮುಂಚೆ ಅವಳು ತೀರ್ಪುಗಾರರ ಅನುಮತಿ ಕೇಳಿ ತನ್ನ ಲೇನಿನ ಎರಡು ಅಂತರಗಳನ್ನು ಪಾದದಿಂದ ಪಾದಕ್ಕೆ ಅಳೆದಳು. ಕೆಲವರು ನಕ್ಕರು. ತಾಯಿ ಆವತ್ತು ಕೂಲಿ ಬಿಟ್ಟು ಬಂದು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನನ್ನ ಪಕ್ಕದಲ್ಲಿ ನಿಂತಿದ್ದಳು.

ನಾನು ಆವತ್ತು ವಾಚ್ ಹಿಡಿಯಲಿಲ್ಲ. ಹೆಜ್ಜೆ ಎಣಿಸಿದೆ. ನಾಲ್ಕನೆಯದು ದಾಟಿದಾಗ ತಾಯಿ ನನ್ನ ಮೊಣಕೈ ಹಿಡಿದಳು, ಬಿಡಲಿಲ್ಲ. ಏಳು, ಎಂಟರಲ್ಲಿ ದಣಿವು ಕಂಡಿತು, ಆದರೂ ಮೂರೇ ಹೆಜ್ಜೆ. ಒಂಬತ್ತರಲ್ಲಿ ಹಿಮ್ಮಡಿ ಪಟ್ಟಿಗೆ ಸವರಿತು. ಹತ್ತನೆಯದೂ ಮೂರು. ಮೂರನೆಯವಳಾಗಿ ಗೆರೆ ದಾಟಿದಳು. ಮುಂದಿನ ಹಂತಕ್ಕೆ ಹೋಗುವುದು ಮೊದಲಿಬ್ಬರೇ.

ನೆಲದ ಮೇಲೆ ಕುಳಿತು ಉಸಿರು ಎಳೆಯುತ್ತಿದ್ದವಳ ಹತ್ತಿರ ಹೋದೆ. ಹೋದ ವರ್ಷ ನಾನು ಸರಿಯಾಗಿ ಕಲಿಸಿದ್ದರೆ ಈ ವರ್ಷ ನೀನು ಎಷ್ಟು ಮುಂದಿರುತ್ತಿದ್ದೆ ಎಂಬುದು ನನ್ನ ಬಾಯಿಗೆ ಬಂದಿತ್ತು. ಅವಳೇ ಮೊದಲು ಮಾತಾಡಿದಳು.

"ಹತ್ತೂ ಕೇಳಿಸಿದ್ವು, ಮೇಡಂರಿ."

ತಾಯಿ ಅವಳ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ಆ ಮಣಿಕಟ್ಟು ಪೂರ್ತಿ ಮಡಚುವುದಿಲ್ಲ. ಈಗಲೂ ಮಡಚುವುದಿಲ್ಲ.

ಅವಳು ಲಿಂಗಸುಗೂರಿನಲ್ಲಿ ಪಿಯುಸಿ ಓದುತ್ತಿದ್ದಾಳೆ, ಹಾಸ್ಟೆಲ್‌ನಲ್ಲಿದ್ದಾಳೆ. ಅಲ್ಲಿ ಹರ್ಡಲ್ ಇಲ್ಲ. ಹೋದ ತಿಂಗಳು ರಜೆಗೆ ಊರಿಗೆ ಹೊರಟಿದ್ದಾಗ ಮಸ್ಕಿ ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಓಡುತ್ತೀಯಾ ಎಂದು ಕೇಳಿದೆ. ಬೆಳಿಗ್ಗೆ ನಾಲ್ಕು ಸುತ್ತು ಓಡುತ್ತೇನೆ ಎಂದಳು. ಇನ್ನೇನೋ ಹೇಳುವವಳಿದ್ದಳು, ಅಷ್ಟರಲ್ಲಿ ಸಿಂಧನೂರಿಗೆ ಹೋಗುವ ಬಸ್ ಬಂತು. ಬ್ಯಾಗನ್ನು ಬಲಗೈಯಲ್ಲಿ ಎತ್ತಿಕೊಂಡು ಹತ್ತಿದಳು. ಒಳಗೆ ಸೀಟು ಸಿಕ್ಕ ಮೇಲೆ ಕಿಟಕಿಯಿಂದ, "ಬರ್ತೀನ್ರಿ," ಎಂದಳು. ನಾನೂ ಆಯ್ತವ್ವ ಎಂದೆ.