ಕೇಳದೆ ಬರೆದ ಸಾಲು

ತೆಕ್ಕಟ್ಟೆಯ ಉಮಾವತಿ ಇಪ್ಪತ್ತೆರಡು ವರ್ಷ ಕುಂದಾಪುರದ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದಿದವರು. ಒಂದು ಕೊಂಬು ಬಿಟ್ಟುಹೋದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಪತ್ರಿಕೆ ನಿಂತ ಮೇಲೆ ಶೈಲೇಶ್ ಎಂಬವನ ಪಾಡ್‌ಕಾಸ್ಟಿಗೆ ಬರೆಯತೊಡಗಿದರು. ಅವನು ಊರಿನವರನ್ನು ಕೂರಿಸಿ ಕುಂದಾಪ್ರ ಕನ್ನಡದಲ್ಲೇ ಮಾತಾಡಿಸುತ್ತಿದ್ದ. ಒಂದು ಗಂಟೆಯ ಮಾತನ್ನು ಉಮಾವತಿ ಹತ್ತು ಸಾಲಿಗೆ ಇಳಿಸಬೇಕು. ಮೊದಲಿಗೆ ಕೇಳುವವರನ್ನು ಹಿಡಿದು ನಿಲ್ಲಿಸುವ ಒಂದು ಸಾಲು, ಆಮೇಲೆ ಚಿಕ್ಕ ಸಾರಾಂಶ, ಕೆಳಗೆ ಯಾವ ನಿಮಿಷಕ್ಕೆ ಯಾವ ಮಾತು ಎಂಬ ಪಟ್ಟಿ. ಆ ನಿಮಿಷದ ಮೇಲೆ ಬೆರಳಿಟ್ಟರೆ ನೇರ ಅಲ್ಲಿಂದಲೇ ಕೇಳಬಹುದು.

ಆ ವಾರ ಮಾತಾಡಿದ್ದು ಗಂಗೊಳ್ಳಿಯ ಅಕ್ಕು. ಮೀನು ಮಾರಿ ಮಗನನ್ನು ಸಾಕಿದ ಹೆಂಗಸು. ಅವಳ ಗಂಡ ಚಂದಯ್ಯ ಇಪ್ಪತ್ತು ವರ್ಷದ ಹಿಂದೆ ಗಾಳಿಮಳೆಯಲ್ಲಿ ಕಡಲಿಗೆ ಹೋದವನು ತಿರುಗಿ ಬಂದಿರಲಿಲ್ಲ.

ಶೈಲೇಶ್ ಧ್ವನಿಯ ಜೊತೆಗೆ, ಮಾತನ್ನು ಅಕ್ಷರಕ್ಕಿಳಿಸುವ ತಂತ್ರಾಂಶ ಕೊಟ್ಟ ಬರಹವನ್ನೂ ಕಳಿಸಿದ್ದ. ಉಮಾವತಿಗೆ ಅಂದು ನೆಂಟರ ಮನೆಯ ಮದುವೆ. ಐವತ್ತೆಂಟು ನಿಮಿಷ ಯಾರು ಕೂತು ಕೇಳುವುದು ಎಂದು ಬರಹದ ಮೇಲೆ ಕಣ್ಣಾಡಿಸಿದರು. ಮೂವತ್ತೊಂದನೆಯ ನಿಮಿಷದಲ್ಲಿ ಒಂದು ಸಾಲು ಸಿಕ್ಕಿತು. ಅದನ್ನೇ ಎತ್ತಿ ಮೇಲಿಟ್ಟರು:

“ಗಂಡನನ್ನು ಕಡಲಿಗೆ ದೂಡಿದ್ದು ನಾನೇ.” ಇಪ್ಪತ್ತು ವರ್ಷದ ಮೇಲೆ ಬಾಯಿಬಿಟ್ಟ ಅಕ್ಕು.

“ಉಮಕ್ಕ, ಪೂರ್ತಿ ಕೇಂಡ್ರಿ ಅಲ್ದಾ?” ಎಂದು ಶೈಲೇಶ್ ಫೋನಿನಲ್ಲಿ ವಿಚಾರಿಸಿದ.

“ಕೇಳದೆ ಬರೀತ್ನಾ ನಾನ್?” ಎಂದರು. ಸೀರೆಯ ನೆರಿಗೆ ಹಿಡಿದುಕೊಂಡೇ ಹೇಳಿದ ಸುಳ್ಳು ಅದು.

ಶುಕ್ರವಾರ ಕಂತು ಹೊರಬಿತ್ತು. ಶನಿವಾರ ಸಂಜೆಗೆ ಶೈಲೇಶನ ಫೋನು.

“ಅಕ್ಕು ಮಾರ್ಕೆಟಿಗೇ ಬರ್ಲಿಲ್ಲ ಅಂಬ್ರ್. ಆ ಸಾಲನ್ನ ಯಾರೋ ವಾಟ್ಸಾಪಲ್ಲಿ ಹಾಕಿರ್. ಸೊಸೆ ಪೂಜಿತಾ ಫೋನ್ ಮಾಡಿ ಬೈದ್ಳ್. ಅತ್ತೆ ಹಾಂಗೆ ಹೇಳ್ಲೇ ಇಲ್ಲ ಅಂತ್ಳ್.”

“ಬರಹದಗೆ ಇತ್ತಲೆ,” ಎಂದರು ಉಮಾವತಿ. ಫೋನಿಟ್ಟ ಮೇಲೆ ಇಯರ್‌ಫೋನು ಸಿಕ್ಕಿಸಿ ಮೊದಲ ಸಲ ಕೇಳಿದರು. ಅಕ್ಕುವಿನ ದನಿ ಸ್ಪಷ್ಟವಾಗಿತ್ತು: “ಗಂಡನ್ನ ಕಡ್ಲಿಗೆ ದೂಡದ್ದ್ ನಾನೇ ಅಂಬ್ರ್.”

ಅಂಬ್ರ್. ಅಂದರೆ ಹಾಗೆಂದು ಜನ ಹೇಳುತ್ತಾರೆ. ತಂತ್ರಾಂಶ ಆ ಒಂದು ಮಾತನ್ನು ನುಂಗಿಬಿಟ್ಟಿತ್ತು. ಅದಕ್ಕೆ ಗೊತ್ತಿಲ್ಲದ ಮಾತು. ಉಮಾವತಿ ಹುಟ್ಟಿದಂದಿನಿಂದ ಆಡಿದ ಮಾತು. ಮೂರು ನಿಮಿಷ ಮುಂದೆ ಅಕ್ಕು ಹೇಳಿದ್ದಳು: ಹೋಗುವುದು ಬೇಡವೆಂದು ಬಾಗಿಲಿಗೆ ಅಡ್ಡ ಕೂತವಳು ತಾನು, ತನ್ನನ್ನು ದಾಟಿಕೊಂಡು ಹೋದವನು ಗಂಡ. ಉಮಾವತಿಯ ಕಿವಿ ಸುಟ್ಟಂತಾಯಿತು. ಮನೆಯಲ್ಲಿ ಯಾರೂ ಇಲ್ಲದಿದ್ದರೂ ಸೆರಗಿನಿಂದ ಮುಖ ಮುಚ್ಚಿಕೊಂಡರು.

ಶೈಲೇಶನಿಗೆ ಮತ್ತೆ ಫೋನ್ ಮಾಡಿದರು. “ನಾ ಕೇಳ್ಲೇ ಇಲ್ಲ ಶೈಲೇಶ. ನಿನ್ಗೆ ಸುಳ್ಳ್ ಹೇಳ್ದೆ. ಆ ಸಾಲ್ ಈಗ್ಲೇ ತೆಗಿ.” ಅವನು “ಆಯ್ತ್,” ಎಂದಷ್ಟೇ ಹೇಳಿದ.

ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಗಂಗೊಳ್ಳಿಗೆ ಹೋದರು. ಅಕ್ಕು ಜಗಲಿಯಲ್ಲಿ ಕೂತಿದ್ದಳು. ಬನ್ನಿ ಎನ್ನಲಿಲ್ಲ.

“ನಂಗೆ ಓದುಕೆ ಬತ್ತಿಲ್ಲೆ. ನೀವ್ ಬರ್ದದ್ದನ್ನ ನೀವೇ ಓದಿ ಕಾಂಬ.”

ಉಮಾವತಿ ಓದಿದರು. ತಾವೇ ಬರೆದ ಆ ಎರಡು ವಾಕ್ಯವನ್ನು, ಒಂದಕ್ಷರ ಬಿಡದೆ. ಒಳಗೆ ಪೂಜಿತಾ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು.

“ಊರಿನರ್ ಬೆನ್ನಿಂದೆ ಹೇಳ್ತಿದ್ರ್,” ಎಂದಳು ಅಕ್ಕು. “ನೀವ್ ಅದನ್ನ ನನ್ ಬಾಯಗೇ ಹಾಕ್ದ್ರಿ.”

“ತಂತ್ರಾಂಶ...” ಎಂದು ಶುರುಮಾಡಿದ ಉಮಾವತಿ ಅಲ್ಲಿಗೇ ನಿಲ್ಲಿಸಿದರು. “ಇಲ್ಲ ಅಕ್ಕಾ. ನಾನ್ ಕೇಳ್ಲಿಲ್ಲ. ತಪ್ಪ್ ನಂದೇ.”

“ಈಗ ಕೇಣಿ.”

ಪೂಜಿತಾ ತನ್ನ ಫೋನು ತಂದು ನಡುವೆ ಇಟ್ಟಳು. ಐವತ್ತೆಂಟು ನಿಮಿಷವೂ ಮೂವರು ಕೇಳಿದರು. ಉಮಾವತಿ ಚೀಟಿಯಲ್ಲಿ ನಿಮಿಷ ಗುರುತಿಸಿಕೊಂಡರು. ಶೈಲೇಶ್ ಆಮೇಲೆ ಸೇರಿಸಿದ್ದ ಆರಂಭದ ಸಂಗೀತದಿಂದ ಪಟ್ಟಿಯ ಹೊತ್ತುಗಳೆಲ್ಲ ನಲವತ್ತೈದು ಸೆಕೆಂಡು ಹಿಂದೆ ಬಿದ್ದಿದ್ದವು. ಅದೂ ಕೇಳಿದ್ದರೆ ತಿಳಿಯುತ್ತಿತ್ತು. ಹೊಸದಾಗಿ ಬರೆದು ಓದಿ ಹೇಳಿದರು:

“ಹೋಪುದ್ ಬ್ಯಾಡ ಅಂದೇಳಿ ಬಾಗ್ಲಿಗೆ ಅಡ್ಡ ಕೂತಿದ್ದೆ.” ಇಪ್ಪತ್ತು ವರ್ಷ ಊರು ಆಡಿದ ಮಾತಿಗೆ ಅಕ್ಕುವಿನ ಉತ್ತರ.
00:00 ಆರಂಭ
04:10 ಬುಟ್ಟಿ ಹೊತ್ತ ಮೊದಲ ದಿನ
32:25 ಜನ ಹೇಳಿದ್ದು
35:30 ಆ ಬೆಳಿಗ್ಗೆ ನಿಜಕ್ಕೂ ಆದದ್ದು
49:15 ಮಗನ ಮದುವೆ

ಅದರ ಕೆಳಗೆ, ಮೊದಲಿನ ಸಾಲು ಅಕ್ಕುವಿನ ಮಾತಲ್ಲ, ಕೇಳದೆ ಬರೆದ ತಪ್ಪು ತಮ್ಮದು ಎಂದು ಬರೆದು, ಹೆಸರು ಹಾಕಿ ಶೈಲೇಶನಿಗೆ ಕಳಿಸಿದರು.

“ಜನ ಕಳ್ಸಿದ್ದನ್ನ ತೆಗೂಕೆ ಆತ್ತಾ?” ಅಕ್ಕು ಕೇಳಿದಳು.

“ಇಲ್ಲ.”

ಅಕ್ಕು ತಲೆಯಾಡಿಸಿದಳು. ಪರವಾಗಿಲ್ಲ ಎನ್ನಲಿಲ್ಲ. ಪೂಜಿತಾ ಮಾತ್ರ ಹೊಸ ಬರಹವನ್ನು ಸಿಕ್ಕ ಗುಂಪಿಗೆಲ್ಲ ಕಳಿಸುತ್ತ ಕೂತಳು.

ಮಂಗಳವಾರ ಉಮಾವತಿ ಮೀನು ಮಾರ್ಕೆಟಿಗೆ ಹೋದರು. ಅಕ್ಕು ಬಂದಿದ್ದಳು. ಪಕ್ಕದವಳು ಉಮಾವತಿಯನ್ನು ಕಂಡು ಏನೋ ಪಿಸುಗುಟ್ಟಿದಳು. ಉಮಾವತಿ ತಲೆ ತಗ್ಗಿಸಿ ಸಾಲಿನಲ್ಲಿ ನಿಂತರು.

“ಎಂತ ಬೇಕ್?” ಎಂದಳು ಅಕ್ಕು, ಎಲ್ಲ ಗಿರಾಕಿಗಳನ್ನು ಕೇಳುವ ಹಾಗೆಯೇ. ಬಂಗುಡೆ ಎಂದಾಗ ಆರಿಸಿ ಕೊಟ್ಟು, ಮುಂದಿನವರ ಕಡೆ ತಿರುಗಿದಳು.